ಮಲ್ಲಿಗೆಯೋ ಸೇವಂತಿಗೆಯೋ?

ಹಾಸನದ ದೇವಸ್ಥಾನದೆದುರು ಬುಟ್ಟಿ ಇಡುವವರು ಲಾಭಕ್ಕಿಂತ ಮೊದಲು ಉಳಿಯುವ ಹೂವಿನ ಲೆಕ್ಕ ಹಾಕಬೇಕು.

ಬಿಡಿ ಮಲ್ಲಿಗೆ ಕಿಲೋಗೆ 600 ರೂಪಾಯಿ ಎಂದಿಟ್ಟುಕೊಳ್ಳಿ. ಕಟ್ಟಿದರೆ ಸುಮಾರು 40 ಮೊಳ. ಮೊಳಕ್ಕೆ 25 ರೂಪಾಯಿಯಂತೆ 24 ಮೊಳ ಹೋದಾಗ ಬಂಡವಾಳ ವಾಪಸ್. ಆಮೇಲಿನದೇ ದುಡಿಮೆ, ಅದರಲ್ಲೂ ನಾರು, ಕಟ್ಟುವ ಕೂಲಿ ಕಳೆಯಬೇಕು. ಸಂಜೆ ಮಳೆ ಹಿಡಿದು ಜನ ಬರದಿದ್ದರೆ ಮೊಗ್ಗು ರಾತ್ರಿಯೇ ಅರಳಿಬಿಡುತ್ತದೆ. ಬೆಳಗ್ಗೆ ಕಂದಿದ ಮಾಲೆಯನ್ನು ಯಾರೂ ಮುಟ್ಟುವುದಿಲ್ಲ.

ಸೇವಂತಿಗೆ ಮಾರಿಗೆ 60ಕ್ಕೆ ತಂದು 80ಕ್ಕೆ ಕೊಟ್ಟರೆ ಸಿಗುವುದು ಇಪ್ಪತ್ತೇ. ಆದರೆ ಉಳಿದದ್ದು ಮರುದಿನ ಅಸಲಿಗಾದರೂ ಹೋಗುತ್ತದೆ. ನೀರು ಮಾತ್ರ ಸುರಿಯಬೇಡಿ: ತೊಟ್ಟಿನ ಬಳಿ ತೇವ ನಿಂತು ಎಸಳು ಕಪ್ಪಾಗಿ ಉದುರುತ್ತವೆ. ಒದ್ದೆ ಗೋಣಿ ಹೊದಿಸಿದರೆ ಸಾಕು.

ಹೊಸಬರು ವಾರದ ದಿನಗಳಲ್ಲಿ ಸೇವಂತಿಗೆ ಹಿಡಿಯಲಿ. ಮಲ್ಲಿಗೆ ಶುಕ್ರವಾರಕ್ಕೆ, ಅದೂ ಅರ್ಧ ಕಿಲೋ.