ಕ್ಲೇ ಮಾಸ್ಕ್, ಶೀಟ್ ಮಾಸ್ಕ್: ಮೂರು ತರಹದ ಚರ್ಮ, ಎರಡು ವರ್ಷದ ಬಳಕೆ

ಮುಲ್ತಾನಿ ಮಿಟ್ಟಿಯನ್ನು ಮುಖದ ಮೇಲೆ ಬಿರುಕು ಬಿಡೋವರೆಗೂ ಇಟ್ಟುಕೊಳ್ಳಬೇಕು ಅಂತ ನಾನು ಬಹಳ ದಿನ ನಂಬಿದ್ದೆ. ನನ್ನದು ಎಣ್ಣೆ ಚರ್ಮ. ಮಧ್ಯಾಹ್ನ ಊಟದ ಹೊತ್ತಿಗೆ ಹಣೆ, ಮೂಗು ಮಿರಮಿರ ಅನ್ನುತ್ತಿರುತ್ತದೆ. ಹಾಗಾಗಿ ವಾರಕ್ಕೆ ಮೂರು ಸಲ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಜ್ಜಿ ತೊಳೆಯುತ್ತಿದ್ದೆ. ಒಂದು ತಿಂಗಳಾಗುವಷ್ಟರಲ್ಲಿ ಮೂಗಿನ ಪಕ್ಕ ಸಿಪ್ಪೆ ಏಳೋಕೆ ಶುರುವಾಯಿತು. ಸೋಪು ತಾಗಿದರೆ ಕೆನ್ನೆ ಉರಿಯುತ್ತಿತ್ತು. ಹಣೆಯ ಜಿಡ್ಡು ಮಾತ್ರ ಹಾಗೇ ಇತ್ತು.

ಮಣ್ಣು ಹಸಿಯಾಗಿದ್ದಾಗಲೇ ಜಿಡ್ಡನ್ನು ಹೀರಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೂ ಇಟ್ಟುಕೊಂಡರೆ ಚರ್ಮ ಬಿಗಿಯುತ್ತದೆ, ಅದರ ಮೇಲ್ಪದರ ಒಣಗುತ್ತದೆ. ಆಮೇಲೆ ಉಜ್ಜಿದರೆ ಕೆರೆದ ಹಾಗೆ. ಯಾವಾಗ ತೆಗೀಬೇಕು ಅನ್ನೋದಕ್ಕೆ ಗಡಿಯಾರಕ್ಕಿಂತ ಕನ್ನಡಿ ಚೆನ್ನಾಗಿ ಹೇಳುತ್ತದೆ. ಹಚ್ಚಿದಾಗ ಮಣ್ಣು ಗಾಢ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ತೆಳುವಾಗಿ ಹಚ್ಚಿದ ಅಂಚುಗಳು ಬಿಳಿಚಿಕೊಳ್ಳುತ್ತವೆ, ಮಧ್ಯದಲ್ಲಿ ಬೆರಳಿಟ್ಟರೆ ಇನ್ನೂ ಅಂಟುತ್ತದೆ. ತೆಗೆಯೋಕೆ ಅದೇ ಸರಿಯಾದ ಹೊತ್ತು. ನನಗೆ ಇದು ಎಂಟರಿಂದ ಹತ್ತು ನಿಮಿಷ. ಫ್ಯಾನ್ ಕೆಳಗೆ ಕೂತರೆ ಇನ್ನೂ ಬೇಗ. ಒದ್ದೆ ಬಟ್ಟೆಯನ್ನು ಅರ್ಧ ನಿಮಿಷ ಮುಖದ ಮೇಲಿಟ್ಟರೆ ಮಣ್ಣು ಮೆತ್ತಗಾಗಿ ತಾನೇ ಬಿಡುತ್ತದೆ.

ಈಗ ವಾರಕ್ಕೆ ಒಂದೇ ಸಲ ಹಚ್ಚುತ್ತೇನೆ, ಅದೂ ಹಣೆ, ಮೂಗು, ಗದ್ದಕ್ಕೆ ಮಾತ್ರ. ಏಪ್ರಿಲ್, ಮೇ ಸೆಕೆಯಲ್ಲಿ ಎರಡು ಸಲ. ಕೆನ್ನೆಗೆ ಹಚ್ಚೋದೇ ಇಲ್ಲ. ಸಿಪ್ಪೆ ಏಳೋದು ಎರಡು ಮೂರು ವಾರದಲ್ಲಿ ನಿಂತಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಮೂಗಿನ ಮೇಲಿನ ಸಣ್ಣ ಬೂದು ಚುಕ್ಕಿಗಳು ಇದರಿಂದ ಶಾಶ್ವತವಾಗಿ ಹೋಗೋದಿಲ್ಲ. ಎಣ್ಣೆ ಹೊರಬರುವ ರಂಧ್ರಗಳು ಅವು, ಕೆಲವು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.

ಅಮ್ಮನದು ಒಣ ಚರ್ಮ. ನನ್ನ ಡಬ್ಬಿಯಿಂದಲೇ ತೆಗೆದು ಒಂದು ಸಲ ಹಚ್ಚಿಕೊಂಡರು, ಎರಡು ದಿನ ನಗೋಕೂ ಮುಖ ಎಳೆಯುತ್ತೆ ಅಂದರು. ನನ್ನದು ಬೆಂಟೊನೈಟ್ ಇರುವ ಮಾಸ್ಕ್, ಜೋರಾಗಿ ಹೀರುವ ಮಣ್ಣು. ಕೆಯೋಲಿನ್ ಅನ್ನೋ ಬಿಳಿ ಮಣ್ಣು ಅದಕ್ಕಿಂತ ಸೌಮ್ಯ. ಅಮ್ಮನಿಗೆ ಈಗ ಅದನ್ನೇ, ಮೂಗಿಗೆ ಮಾತ್ರ, ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಹಚ್ಚುತ್ತೇವೆ. ಚಳಿಗಾಲದಲ್ಲಿ ಅದೂ ಬೇಡ.

ಅವರಿಗೆ ನಿಜವಾಗಿ ಒಗ್ಗಿದ್ದು ಶೀಟ್ ಮಾಸ್ಕ್. ಗ್ಲಿಸರಿನ್, ಹೈಲುರಾನಿಕ್ ಆಸಿಡ್ ಇರುವ ಸಾದಾ ಶೀಟು, ವಾರಕ್ಕೆ ಎರಡು ಸಲ. ಇದರಲ್ಲೂ ಹೊತ್ತು ನೋಡಲೇಬೇಕು. ಹದಿನೈದು ನಿಮಿಷವಾದ ಮೇಲೆ ಬಟ್ಟೆ ಒಣಗುತ್ತಾ ಬರುತ್ತದೆ, ಹಾಗೇ ಬಿಟ್ಟರೆ ಚರ್ಮದ ತೇವವೂ ಆರೋಕೆ ಶುರುವಾಗುತ್ತದೆ. ಅಮ್ಮ ಹಾಕಿಕೊಂಡೇ ನಿದ್ದೆ ಹೋಗಿ, ಎದ್ದಾಗ ಶೀಟಿನ ಅಂಚು ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಆವತ್ತು ಹಾಕೋ ಮೊದಲಿಗಿಂತ ಜಾಸ್ತಿ ಬಿಗಿದಿತ್ತು ಮುಖ. ಇನ್ನೂ ಒದ್ದೆ ಇರುವಾಗಲೇ ತೆಗೆದು, ಉಳಿದ ಸೀರಂ ತಟ್ಟಿ, ಕೂಡಲೇ ಕ್ರೀಮ್ ಹಚ್ಚಬೇಕು. ಕ್ರೀಮ್ ಬಿಟ್ಟರೆ ಹೊಳಪು ಹೆಚ್ಚು ಹೊತ್ತು ನಿಲ್ಲೋದಿಲ್ಲ. ನಾನು ಶೀಟ್ ಹಾಕೋದು ಹತ್ತು ದಿನಕ್ಕೊಮ್ಮೆ, ನೀರಿನಂಥ ಸೀರಂ ಇದ್ದರೆ ಮಾತ್ರ. ಹಾಲಿನ ಹಾಗೆ ದಪ್ಪಗಿರೋದು ನನಗೆ ಗದ್ದದ ಮೇಲೆ ಗುಳ್ಳೆ ತಂದಿದೆ.

ತಂಗಿಯದು ಸೂಕ್ಷ್ಮ ಚರ್ಮ. ಅವಳ ವಿಷಯಕ್ಕೆ ಬಂದಾಗ ನನಗೆ ಈಗಲೂ ಬೇಜಾರಾಗುತ್ತದೆ. ಶೀಟ್ ಅಂದರೆ ಬರೀ ನೀರು ತಾನೇ ಅಂತ ಅವಳಿಗೆ ಸುವಾಸನೆ ಇರುವ ವಿಟಮಿನ್ ಸಿ ಶೀಟ್ ಕೊಟ್ಟಿದ್ದೆ. ಮೂರೇ ನಿಮಿಷಕ್ಕೆ "ಅಕ್ಕಾ, ಚುರುಚುರು ಅಂತಿದೆ" ಅಂದಳು. ಕೆಲಸ ಮಾಡ್ತಿದೆ, ಇರಲಿ ಬಿಡು ಅಂದೆ. ತೆಗೆದಾಗ ಕಣ್ಣು, ಬಾಯಿಯ ಜಾಗ ಬಿಟ್ಟು ಶೀಟಿನ ಆಕಾರದಲ್ಲೇ ಮುಖ ಕೆಂಪಾಗಿತ್ತು. ಇಳಿಯೋಕೆ ಎರಡು ದಿನ ಹಿಡಿಯಿತು. ಶೀಟ್ ಚರ್ಮವನ್ನು ಮುಚ್ಚಿ ಹಿಡಿಯೋದರಿಂದ ಅದರಲ್ಲಿರೋದು ಇನ್ನೂ ಒಳಗೆ ಇಳಿಯುತ್ತದೆ. ಒಳ್ಳೆಯದೂ ಇಳಿಯುತ್ತದೆ, ಚುಚ್ಚುವ ಸುವಾಸನೆಯೂ ಇಳಿಯುತ್ತದೆ. ಚುರುಗುಟ್ಟಿದ ಕೂಡಲೇ ತೆಗೆದು ತಣ್ಣೀರಲ್ಲಿ ತೊಳೆಯಬೇಕಿತ್ತು.

ಈಗ ಅವಳಿಗೆ ಹೊಸ ಶೀಟ್ ತಂದರೆ ಪೊಟ್ಟಣದ ಹನಿ ಸೀರಂ ಅನ್ನು ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಲದಂತೆ ಮೂರು ನಾಲ್ಕು ದಿನ ಹಚ್ಚಿ ನೋಡುತ್ತೇವೆ. ಅದಕ್ಕೆ ಅಂತಲೇ ಒಂದು ಪೊಟ್ಟಣ ಒಡೆಯುತ್ತೇವೆ, ಆ ಶೀಟನ್ನು ಆಮೇಲೆ ಮುಖಕ್ಕೆ ಹಾಕೋದಿಲ್ಲ. ತುರಿಕೆ ಇಲ್ಲ ಅಂದರೆ ಇನ್ನೊಂದು ಒಡೆದು ಮುಖಕ್ಕೆ, ಹತ್ತೇ ನಿಮಿಷ, ಹದಿನೈದು ದಿನಕ್ಕೊಮ್ಮೆ. ಸುವಾಸನೆ, ಆಲ್ಕೋಹಾಲ್, ಹಣ್ಣಿನ ಆಸಿಡ್ ಇರೋದು ಮನೆಗೇ ಬರೋದಿಲ್ಲ. ಮಣ್ಣನ್ನು ಅವಳು ಮೂಗಿಗೆ ತಿಂಗಳಿಗೊಮ್ಮೆ ಹಚ್ಚುತ್ತಾಳೆ, ಹಸಿ ಇರುವಾಗಲೇ ತೊಳೆಯುತ್ತಾಳೆ. ಮೊಡವೆಗೆ ರಾತ್ರಿ ಕ್ರೀಮ್ ಹಚ್ಚುವ ವಾರದಲ್ಲಿ ಎರಡೂ ಮಾಸ್ಕ್ ಬಂದ್.