ಬಾಟಲ್ ಜ್ಯಾಕೋ, ಕತ್ತರಿ ಜ್ಯಾಕೋ?

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಜ್ಯಾಕ್ ಕೊಳ್ಳಲು ಹೊರಟರೆ ಈ ಪ್ರಶ್ನೆ ಎದುರಾಗುತ್ತದೆ. ಕತ್ತರಿ ಜ್ಯಾಕ್ ಕೆಲಸ ಮಾಡುವುದು ಸ್ಕ್ರೂ ಮೇಲೆ. ನೀವು ತಿರುಗಿಸುವ ಶ್ರಮದಲ್ಲಿ ದೊಡ್ಡ ಪಾಲು ಸ್ಕ್ರೂವಿನ ಸುರುಳಿ ಗೆರೆಗಳ ತಿಕ್ಕಾಟಕ್ಕೇ ಹೋಗುತ್ತದೆ.

ಬಾಟಲ್ ಜ್ಯಾಕ್‌ನಲ್ಲಿ ಎತ್ತುವುದು ಎಣ್ಣೆ. ಎಷ್ಟು ಒತ್ತಿದರೂ ಎಣ್ಣೆ ಕುಗ್ಗುವುದಿಲ್ಲ ಎಂದೇ ಹೇಳಬಹುದು. ಹಾಗಾಗಿ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಅಷ್ಟೇ ಮುಟ್ಟುತ್ತದೆ. ಪಂಪಿನ ಪಿಸ್ಟನ್ 1 ಸೆಂ.ಮೀ., ಎತ್ತುವ ಪಿಸ್ಟನ್ 3 ಸೆಂ.ಮೀ. ಅಗಲ ಅಂದುಕೊಳ್ಳಿ. ಅಗಲ 3 ಪಟ್ಟು, ಆದರೆ ವಿಸ್ತೀರ್ಣ 9 ಪಟ್ಟು. ಉದ್ದದ ಹಿಡಿಕೆಯನ್ನು 10 ಕೆಜಿ ಭಾರದಷ್ಟು ಒತ್ತಿದರೆ, ಸನ್ನೆಯ ಲೆಕ್ಕದಲ್ಲಿ ಅದು ಪಂಪಿಗೆ 100 ಕೆಜಿಯಾಗಿ ತಲುಪಿತು ಎನ್ನೋಣ. ಆಚೆ ಬದಿಯಲ್ಲಿ ಅದೇ 900 ಕೆಜಿ! ಸುಮ್ನೆ ಸಿಗುವುದಲ್ಲ ಇದು. ಪಂಪ್ 18 ಮಿ.ಮೀ. ಇಳಿದರೆ ಕಾರು ಏಳುವುದು ಬರೀ 2 ಮಿ.ಮೀ. ಅದಕ್ಕೇ ಅಷ್ಟು ಸಲ ಪಂಪ್ ಹೊಡೆಯಬೇಕು.

ಡಿಕ್ಕಿಯಲ್ಲಿ ಅಡ್ಡ ಮಲಗಿಸಿಟ್ಟರೆ ಎಣ್ಣೆಯ ದಾರಿಗೆ ಗಾಳಿ ಸೇರಬಹುದು. ಗಾಳಿ ಕುಗ್ಗುತ್ತದಲ್ವಾ? ಆಗ ಹಿಡಿಕೆ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ, ಭಾರ ಏಳುವುದಿಲ್ಲ. ಜ್ಯಾಕನ್ನು ನೆಟ್ಟಗೆ ನಿಲ್ಲಿಸಿ, ಇಳಿಸುವ ವಾಲ್ವ್ ಸಡಿಲಿಸಿ, ಭಾರವಿಲ್ಲದೆ ಹತ್ತಾರು ಸಲ ಪಂಪ್ ಮಾಡಿ. ಎತ್ತಿದ ಮೇಲೆ ತಾನಾಗಿ ನಿಧಾನಕ್ಕೆ ಕುಸಿದರೆ ಮಾತ್ರ ವಾಲ್ವ್ ಅಥವಾ ಸೀಲ್ ನೋಡಿಸಬೇಕು. ಕತ್ತರಿ ಜ್ಯಾಕಿಗೆ ಈ ರಗಳೆಯಿಲ್ಲ.

ಬಾಟಲ್ ಜ್ಯಾಕ್ ಮಡಚಿದರೂ ಸುಮಾರು 20 ಸೆಂ.ಮೀ. ಎತ್ತರ ಇರುತ್ತದೆ. ಪಂಕ್ಚರ್ ಆದ ಚಿಕ್ಕ ಕಾರಿನಡಿ ತೂರುವುದೇ ಕಷ್ಟ. ಅದಕ್ಕೆ ಕತ್ತರಿಯೇ ಇರಲಿ. ಎತ್ತರದ ಜೀಪು, ಗೂಡ್ಸ್ ಗಾಡಿ ಇದ್ದರೆ ಬಾಟಲ್ ತೆಗೆದುಕೊಳ್ಳಿ. ಯಾವುದಾದರೂ ಸರಿ, ಬರೀ ಜ್ಯಾಕ್ ನಂಬಿ ಗಾಡಿಯಡಿ ನುಗ್ಗಬೇಡಿ.