ಕಂತಿಗೆ ಬಿಡುವು: ಬಡ್ಡಿ ಕಟ್ಟುತ್ತಾ ಹೋಗುವುದೋ, ಅಸಲಿಗೆ ಸೇರಿಸುವುದೋ?

ಸಾಲದ ಕಂತಿಗೆ ಬಿಡುವು ಸಿಕ್ಕ ತಿಂಗಳುಗಳಲ್ಲೂ ಬಡ್ಡಿಯನ್ನಾದರೂ ಕಟ್ಟುವ ದಾರಿಯೇ ನನಗೆ ಇಷ್ಟ. ಹಿಂದೆ ಒಂದು ಸಣ್ಣ ಸಾಲದಲ್ಲಿ ಇದಕ್ಕೆ ಉಲ್ಟಾ ಮಾಡಿ ಪೆಟ್ಟು ತಿಂದಿದ್ದೇನೆ. ಆಗ ಸಾಲ ಕೊಟ್ಟವರ ಪತ್ರದಲ್ಲಿ ‘ಬಿಡುವಿಗೆ ತಕ್ಕಂತೆ ಅವಧಿ ವಿಸ್ತರಿಸಲಾಗುವುದು’ ಅಂತ ಒಂದೇ ಸಾಲು ಇತ್ತು. ಆರು ತಿಂಗಳು ಬಿಡುವು, ಹಾಗಾದರೆ ಆರು ತಿಂಗಳು ಜಾಸ್ತಿ ಅಂದುಕೊಂಡು ಸಹಿ ಹಾಕಿದೆ. ಸಾಲ ತೀರಿದ್ದು ಅದಕ್ಕಿಂತ ಎಷ್ಟೋ ತಡವಾಗಿ.

ಈ ಸಲ ದೊಡ್ಡ ಸಾಲಕ್ಕೆ ಪತ್ರ ಬಂದಾಗ ಲೆಕ್ಕ ಹಾಕಲು ಕೂತೆ. ಬಾಕಿ ಅಸಲು 10 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 12, ಉಳಿದದ್ದು 120 ಕಂತು, ತಿಂಗಳಿಗೆ 14,347. ಆರು ತಿಂಗಳ ಬಿಡುವಿಗೆ ಮೂರು ಆಯ್ಕೆ ಕೊಟ್ಟಿದ್ದರು.

ಮೊದಲನೆಯದು: ಆರು ತಿಂಗಳು ಏನೂ ಕಟ್ಟಬೇಡಿ, ಬಡ್ಡಿ ಅಸಲಿಗೆ ಸೇರುತ್ತದೆ, ಕಂತು ಅಷ್ಟೇ ಇರುತ್ತದೆ. ಕೇಳಲು ಹಿತವಾಗಿದೆ, ಅಲ್ವಾ? ನನ್ನ ಹಳೆಯ ಪೆಟ್ಟು ಇದರದ್ದೇ. ಬಿಡುವು ಮುಗಿದಾಗ ಅಸಲು 10,61,520 ಆಗಿರುತ್ತದೆ. ಹೆಚ್ಚಿದ್ದು ಅರವತ್ತೊಂದು ಸಾವಿರ ತಾನೇ, ನಾಲ್ಕೈದು ಕಂತಿನ ದುಡ್ಡು ಅನ್ನಿಸುತ್ತದೆ. ಹಾಗಲ್ಲ. ಮೊದಲು 14,347ರಲ್ಲಿ 10,000 ಬಡ್ಡಿಗೆ ಹೋಗಿ 4,347 ಅಸಲನ್ನು ಇಳಿಸುತ್ತಿತ್ತು. ಈಗ ಬಡ್ಡಿಯೇ 10,615. ಅಸಲಿಗೆ ಸಿಗುವುದು 3,732 ಮಾತ್ರ. ಅಸಲು ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ಮುಂದಿನ ತಿಂಗಳ ಬಡ್ಡಿಯೂ ಜಾಸ್ತಿ ಇರುತ್ತದೆ. ಹೀಗೇ ಎಳೆದುಕೊಂಡು ಹೋಗಿ 120ರ ಬದಲು 136 ಕಂತು ಕಟ್ಟಬೇಕು. ಬಿಡುವಿನ ಆರು ತಿಂಗಳೂ ಸೇರಿದರೆ ಸಾಲ 22 ತಿಂಗಳು ತಡವಾಗಿ ಮುಗಿಯುತ್ತದೆ. ಒಟ್ಟಿಗೆ ಸುಮಾರು 2.2 ಲಕ್ಷ ಹೆಚ್ಚು.

ಎರಡನೆಯದು: ಬಿಡುವಿನಲ್ಲಿ ತಿಂಗಳಿಗೆ 10,000 ಬಡ್ಡಿ ಮಾತ್ರ ಕಟ್ಟಿ, ಆಮೇಲೆ ಹಳೆಯ ಕಂತು, ಹಳೆಯ 120 ತಿಂಗಳು. ಹೆಚ್ಚಿನ ಖರ್ಚು 60,000. ಆರು ತಿಂಗಳು ತಡ, ಅಷ್ಟೇ.

ಮೂರನೆಯದು: ಏನೂ ಕಟ್ಟದೆ ಆರು ತಿಂಗಳು ಕಳೆದು, ಮೊದಲಿನ ಕೊನೆಯ ದಿನಕ್ಕೇ ಸಾಲ ತೀರಿಸುವುದು. ಕಂತು 15,648 ಆಗುತ್ತದೆ. ಒಟ್ಟು ಹೆಚ್ಚಳ ಸುಮಾರು 62,000. ಕೈಯಲ್ಲಿ ಏನೂ ಇಲ್ಲದವರಿಗೆ ಮೊದಲನೆಯದಕ್ಕಿಂತ ಇದು ಎಷ್ಟೋ ಮೇಲು, ಆಮೇಲೆ ದೊಡ್ಡ ಕಂತು ಕಟ್ಟಬಲ್ಲೆ ಅನ್ನುವ ಧೈರ್ಯ ಇದ್ದರೆ.

ನಾನು ಎರಡನೆಯದನ್ನು ಒಪ್ಪಿದೆ. ಆದರೆ ಸಹಿಗೆ ಮುಂಚೆ ತಿಂಗಳವಾರು ಮರುಪಾವತಿ ಪಟ್ಟಿ ಕೇಳಿದೆ. ಪತ್ರದ ಜೊತೆ ಅದು ಇರಲಿಲ್ಲ. ಎರಡು ಸಲ ನೆನಪಿಸಿದ ಮೇಲೆ ಬಂತು. ತೊಡಕು ಸಿಕ್ಕಿದ್ದು ಅಲ್ಲೇ. ಬಿಡುವಿನ ಮೊದಲ ತಿಂಗಳ ಬಡ್ಡಿ 10,000 ಇರಬೇಕಿತ್ತು, 10,100 ಅಂತ ಇತ್ತು. ನೂರು ತಾನೇ ಅಂತ ಸುಮ್ನೆ ಬಿಡಬಹುದಿತ್ತು. ಆದರೆ ತಿಂಗಳಿಗೆ ಶೇ. 1 ಬಡ್ಡಿಯಲ್ಲಿ ನೂರು ಹೆಚ್ಚಾಗಬೇಕಾದರೆ ಅಸಲು ಹತ್ತು ಸಾವಿರ ಹೆಚ್ಚಿರಬೇಕು. ಆರಂಭದ ಬಾಕಿ ನೋಡಿದೆ, 10,10,000. ಪತ್ರದ ಕೊನೆಯ ಪುಟದಲ್ಲಿ ‘ಮರುಹೊಂದಾಣಿಕೆ ಶುಲ್ಕ ಶೇ. 1, ಅನ್ವಯವಾದಂತೆ ವಸೂಲು’ ಅಂತ ಇತ್ತು. ಆ ಶುಲ್ಕವನ್ನು ಅಸಲಿಗೇ ಸೇರಿಸಿದ್ದರು. ಅಂದರೆ ಬಿಡುವಿನಲ್ಲಿ ಅದಕ್ಕೆ 600 ಬಡ್ಡಿ, ಆಮೇಲೆ ಕಂತಿಗೆ 143 ಹೆಚ್ಚು, 120 ತಿಂಗಳು. ಹತ್ತು ಸಾವಿರದ ಶುಲ್ಕಕ್ಕೆ ಕೊನೆಗೆ ಹದಿನೇಳು ಸಾವಿರ ದಾಟುತ್ತಿತ್ತು.

ಪಟ್ಟಿಯಲ್ಲಿ ಬಿಡುವು ಮುಗಿದ ಮೊದಲ ಸಾಲಿನ ಆರಂಭದ ಬಾಕಿಯನ್ನು ನೋಡಿ. ನನ್ನ ಸಾಲಕ್ಕೆ ಅದು 10,00,000 ಇದ್ದರೆ ಬಡ್ಡಿ ಕಟ್ಟಿಸಿಕೊಂಡಿದ್ದಾರೆ ಅಂತ. 10,60,000 ಇದ್ದರೆ ಸರಳ ಬಡ್ಡಿ ಸೇರಿಸಿದ್ದಾರೆ. 10,61,520 ಇದ್ದರೆ ಬಡ್ಡಿಗೆ ಬಡ್ಡಿ. ಅದಕ್ಕೂ ಮೇಲೆ ಹೋಗಿದ್ದರೆ ಯಾವುದೋ ಶುಲ್ಕ ಒಳಗೆ ಕೂತಿದೆ, ಅಥವಾ ಬಡ್ಡಿ ದರವನ್ನೇ ಏರಿಸಿದ್ದಾರೆ.

ಪತ್ರದಲ್ಲಿರುವ ‘ಪರಿಷ್ಕೃತ ಅವಧಿ’ ಯಾವ ದಿನದಿಂದ ಎಣಿಕೆ ಅನ್ನುವುದನ್ನೂ ಬರಹದಲ್ಲಿ ಕೇಳಿ. ಸಾಲ ಕೊಟ್ಟ ದಿನದಿಂದಲೋ, ಪತ್ರದ ದಿನದಿಂದಲೋ, ಬಿಡುವು ಮುಗಿದ ಮೇಲೋ? ಕೊನೆಯ ಕಂತಿನ ತಾರೀಖು ಬರೆಸಿಕೊಂಡರೆ ಗೊಂದಲ ಇರುವುದಿಲ್ಲ.

ನನ್ನ ಸಂಪಾದನೆ ಅರ್ಧಕ್ಕೆ ಇಳಿದಿತ್ತು, ನಿಂತಿರಲಿಲ್ಲ. ತಿಂಗಳ ಮೊದಲ ವಾರದಲ್ಲೇ ಬಡ್ಡಿ ಎತ್ತಿಡುವ ಅಭ್ಯಾಸವೂ ಇದೆ. ಅದಕ್ಕೇ 10,000 ಹೊಂದಿಸಲು ಆಯಿತು. ಶುಲ್ಕವನ್ನು ಬೇರೆಯಾಗಿ ಒಂದೇ ಸಲ ಕಟ್ಟುತ್ತೇನೆ ಅಂತ ಬರೆದುಕೊಟ್ಟೆ. ಹೊಸ ಪಟ್ಟಿಯಲ್ಲಿ ಮೊದಲ ತಿಂಗಳ ಬಡ್ಡಿ 10,000, ಬಿಡುವಿನ ನಂತರದ ಬಾಕಿ 10,00,000. ಆಮೇಲೆ ಸಹಿ ಹಾಕಿದೆ.